ಇಣುಕಿದ ಕೆಂಪು ಪಟ್ಟಿ

ಬೆಟಗೇರಿಯಲ್ಲಿ ಹೊಲಿಗೆ ಕಲಿಯುತ್ತಿದ್ದಾಗ ಅಕ್ಕನ ನಿಶ್ಚಿತಾರ್ಥಕ್ಕೆ ನಾನೇ ಹಸಿರು ಕುಪ್ಪಸ ಹೊಲಿದೆ. ಪೂರ್ತಿ ಲೈನಿಂಗ್ ಕೊಟ್ಟರೆ ಸೆಕೆ, ಪೈಪಿಂಗ್ ಸುತ್ತಿದರೆ ಅಂಚು ಎದ್ದು ಕಾಣುತ್ತದೆಂದು ಕೊರಳಂಚಿಗೆ ಹೊಲಿದು ಒಳಗೆ ಮಡಚುವ ಒಳಪಟ್ಟಿ ಮಾತ್ರ ಹಚ್ಚಿದೆ. ಹಸಿರು ಬಟ್ಟೆ ಸಾಲದೆ ಪಟ್ಟಿ ಕೆಂಪಾಯಿತು.

ಅಕ್ಕ ಹಿರಿಯರ ಕಾಲಿಗೆ ಬಗ್ಗಿದಾಗಲೆಲ್ಲ ಆ ಪಟ್ಟಿ ಕೊರಳ ಹಿಂದೆ ಇಣುಕಿತು. ಮುಂಡರಗಿಯಿಂದ ಬಂದಿದ್ದ ವರನ ಅಜ್ಜಿ, “ಅಯ್ಯ, ಈ ಕುಪ್ಪಸ ನನಗ ನಾಲಿಗಿ ತೋರಸಾಕತ್ತೈತಲ್ಲ!” ಎಂದರು. ನಾನು ಅಡುಗೆಮನೆಗೆ ಓಡಿದೆ.

ಮರುದಿನ ಹೊಲಿಗೆ ಕಲಿಸುವ ಖಾಲಾ ಕುಪ್ಪಸ ತಿರುವಿ ನೋಡಿದರು. “ಪಟ್ಟೀದು ತಪ್ಪಿಲ್ಲವ್ವಾ. ಒಳಗ ಮಡಚಿದ ಅಂಚನ್ನ ಪಟ್ಟಿಗೆ ಸೇರಿಸಿ, ಮ್ಯಾಲಿನ ಬಟ್ಟಿ ಬಿಟ್ಟು, ಕೊರಳ ಹೊಲಿಗಿ ಪಕ್ಕಕ್ಕs ಇನ್ನೊಂದು ಹೊಲಿಗಿ ಹಾಕು. ಪಟ್ಟಿ ಒಳಗs ಕುಂಡರತೈತಿ.”

ಹಾಕಿದೆ. ಪರೀಕ್ಷೆಗೆಂದು ಅಕ್ಕನನ್ನು ಹತ್ತು ಸಲ ಬಗ್ಗಿಸಿದೆ. ಪಟ್ಟಿ ಹೊರಬರಲಿಲ್ಲ; ಅಕ್ಕನ ಸೊಂಟ ಮಾತ್ರ ಹಿಡಿದುಕೊಂಡಿತು.