ಹತ್ತು ಗಂಟೆ ಐವತ್ತೆರಡು ನಿಮಿಷದಿಂದ

ಜಲಜಾಕ್ಷಿಯ ಕೈಯಲ್ಲಿ ಇನ್ಶೂರೆನ್ಸ್ ಮಾಡಿಸಿದ ಗಾಡಿಗೆ ಗೀರೂ ಬೀಳುವುದಿಲ್ಲ ಎಂದು ಪಾಣೆಮಂಗಳೂರಿನ ಕಡೆ ಒಂದು ನಂಬಿಕೆ ಇತ್ತು. ಇದು ಯಾರು ಹುಟ್ಟಿಸಿದ್ದೋ ಗೊತ್ತಿಲ್ಲ. ಅವಳಂತೂ ಅಲ್ಲಗಳೆಯಲು ಹೋಗಲಿಲ್ಲ. ತಾನಾಗಿ ಬಂದ ಒಳ್ಳೆಯ ಹೆಸರನ್ನು ಯಾರು ತಾನೇ ಬೇಡವೆನ್ನುತ್ತಾರೆ? ಮೂಡಬಿದ್ರೆಯಲ್ಲಿ ಹತ್ತು ಏಜೆಂಟರಿದ್ದರೂ ಅಲ್ಲಿಂದ ಬಸ್ಸು ಹತ್ತಿ ಇವಳ ಒಂದು ಕೋಣೆಯ ಅಂಗಡಿಗೆ ಬರುವವರಿದ್ದರು. "ಜಲಜಕ್ಕನ ಕೈಗುಣ" ಎಂದು ಅವರು ಹೇಳುವಾಗ, ಪಕ್ಕದ ಜೆರಾಕ್ಸ್ ಅಂಗಡಿಯ ನಬೀಸಾ ಬಾಗಿಲಿಗೆ ಬಂದು, "ಕೈಗುಣ ಅಲ್ಲ, ಬಾಯಿಗುಣ. ಇವಳು ಬೈಯುವ ಭಯಕ್ಕೆ ಎಲ್ಲರೂ ನಿಧಾನ ಬಿಡ್ತಾರೆ" ಎಂದು ನಗುತ್ತಿದ್ದಳು.

ಗಂಡ ತೀರಿಕೊಂಡಾಗ ಜಲಜಾಕ್ಷಿಗೆ ಇಪ್ಪತ್ತೊಂಬತ್ತು ವರ್ಷ, ಮಗಳು ಸುರಕ್ಷಾಳಿಗೆ ಮೂರು. ತವರಿನವರು ಬಾ ಎಂದರೂ ಹೋಗದೆ ಏಜೆನ್ಸಿ ಪರೀಕ್ಷೆ ಬರೆದಳು. ಆಗೆಲ್ಲ ಪಾಲಿಸಿ ಬರುವವರೆಗೆ ಅದರ ಬದಲಿಗೆ ಕೊಡುವ ಕವರ್ ನೋಟಿನ ಪುಸ್ತಕ. ಕಾರ್ಬನ್ ಇಟ್ಟು ಗಾಡಿಯ ನಂಬರು, ಎಂಜಿನ್ ನಂಬರು, ತಾರೀಕು, ಗಂಟೆ ಎಲ್ಲ ಕೈಯಲ್ಲೇ ಬರೆಯುವುದು. ಗಂಟೆಯ ಜಾಗ ಖಾಲಿ ಬಿಡುವ ಏಜೆಂಟರೂ ಇದ್ದರು. ಇವಳು ಗೋಡೆಯ ಗಡಿಯಾರ ನೋಡಿ ನಿಮಿಷವನ್ನೂ ಬರೆಯುವವಳು. ಆಮೇಲೆ ಎಲ್ಲ ಕಂಪ್ಯೂಟರಿಗೆ ಹೋಯಿತು, ಕೊನೆಗೆ ಮೊಬೈಲಿಗೆ ಬಂತು. ಸುರಕ್ಷಾ ಒಂದು ರಜೆಯಿಡೀ ಕೂತು ಅಮ್ಮನಿಗೆ ಕಲಿಸಿಕೊಟ್ಟಳು. ಹಣ ಕಂಪನಿಗೆ ಮುಟ್ಟಿದ ಕ್ಷಣ ಪಾಲಿಸಿ ತಾನೇ ತಯಾರಾಗುತ್ತದೆ, ಗಂಟೆ ನಿಮಿಷವನ್ನು ಅದೇ ಹಾಕಿಕೊಳ್ಳುತ್ತದೆ, ಅದರಲ್ಲಿ ಯಾರೂ ಕೈಯಾಡಿಸುವ ಹಾಗಿಲ್ಲ ಎಂದು ಜಲಜಾಕ್ಷಿಗೆ ಆಗಲೇ ತಿಳಿದಿತ್ತು.

ಒಂದು ಪದ್ಧತಿಯನ್ನು ಮಾತ್ರ ಅವಳು ಬಿಡಲಿಲ್ಲ. ರಾಹುಕಾಲದಲ್ಲಿ ಪಾಲಿಸಿ ಮಾಡುವುದಿಲ್ಲ. ಗಾಡಿಯ ಕೆಲಸ, ಜೀವದ ಕೆಲಸ, ಹೊತ್ತು ನೋಡದೆ ಹೇಗೆ ಮಾಡುವುದು ಎನ್ನುತ್ತಿದ್ದಳು. ಗಿರಾಕಿಗಳಿಗೂ ಅದೇ ಬೇಕಿತ್ತು. ಹೊಸ ಜೀಪು ತಂದವರು "ಅಕ್ಕ, ಒಳ್ಳೆ ಹೊತ್ತು ನೋಡಿ ಮಾಡಿ" ಎಂದು ಹೇಳಿಯೇ ಹೋಗುತ್ತಿದ್ದರು. ಹಳೆಯ ಪಾಲಿಸಿ ಮುಗಿಯುವ ಮೊದಲೇ ನವೀಕರಿಸಿದರೆ ಇದರಿಂದ ಯಾರಿಗೂ ನಷ್ಟವಿಲ್ಲ. ಹಳೆಯದು ಮಧ್ಯರಾತ್ರಿಗೆ ಮುಗಿದರೆ ಹೊಸದು ಅಲ್ಲಿಂದಲೇ ಹಿಡಿದುಕೊಳ್ಳುತ್ತದೆ. ಅದಕ್ಕೇ ಅವಳು ವಾರ ಮೊದಲೇ ಎಲ್ಲರಿಗೂ ಫೋನ್ ಮಾಡಿ ಪೀಡಿಸುತ್ತಿದ್ದುದು.

ಭೋಜನಿಗೂ ಹಾಗೆ ಮಾಡಿದ್ದಳು. ಭೋಜ ಅವಳ ದೊಡ್ಡಮ್ಮನ ಮಗಳ ಗಂಡನ ತಮ್ಮ. ಮೂಡಬಿದ್ರೆಯಲ್ಲಿ ಒಂದು ಪಿಕಪ್ ಇಟ್ಟುಕೊಂಡು ಸಿಮೆಂಟು, ಹಂಚು, ಕೋಳಿಯ ಆಹಾರ, ಏನು ಸಿಕ್ಕಿದರೂ ಸಾಗಿಸುವವನು. ಒಳ್ಳೆಯ ಹುಡುಗ, ಮರೆವು ಮಾತ್ರ ಸ್ವಲ್ಪ ಜಾಸ್ತಿ. ಗುರುವಾರ ನೆನಪಿಸಿದಾಗ "ಇವತ್ತೇ ಹಾಕ್ತೇನೆ ಅಕ್ಕ" ಎಂದ. ಶನಿವಾರವೂ ಅದನ್ನೇ ಹೇಳಿದ. ಭಾನುವಾರ ಮಧ್ಯರಾತ್ರಿ ಪಾಲಿಸಿ ಮುಗಿಯಿತು.

ಸೋಮವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಅವನ ಫೋನ್ ಬಂತು. "ಅಕ್ಕ, ಬೈಬೇಡಿ. ಈಗಲೇ ಹಣ ಹಾಕ್ತೇನೆ, ಪಾಲಿಸಿ ಮಾಡಿ ಬಿಡಿ."

ಜಲಜಾಕ್ಷಿ ಗಡಿಯಾರ ನೋಡಿದಳು. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. "ಈಗ ಬೇಡ ಮಾರಾಯ. ಒಂಬತ್ತು ಕಳೀಲಿ. ಆಮೇಲೆ ಹಾಕು, ಐದು ನಿಮಿಷದ ಕೆಲಸ."

"ಒಂದು ಲೋಡ್ ಉಂಟಲ್ಲ ಅಕ್ಕ, ಪುತ್ತಿಗೆಗೆ."

"ಪುತ್ತಿಗೆ ಎಂತ ದೂರವಾ? ಹೋಗಿ ಬಾ. ಬಂದ ಮೇಲೆ ಮಾಡುವ."

ಅವಳು ಹೇಳಿದ್ದು ಇಷ್ಟೇ.

ಒಂಬತ್ತಾಯಿತು. ಹಣ ಬರಲಿಲ್ಲ. ಮತ್ತೆ ಮರೆತ ಎಂದುಕೊಂಡು ಬೈಯುತ್ತಲೇ ಅಂಗಡಿ ತೆರೆದಳು. ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತುವುದಿಲ್ಲ. ಅಷ್ಟರಲ್ಲಿ ಆಟೋದವರಿಬ್ಬರು ಬಂದು ಕೂತರು. ಅವರನ್ನು ಕಳಿಸಿದ ಮೇಲೆ, ಇವನನ್ನು ನಂಬಿದರೆ ನಾಳೆಯೂ ಆಗುವುದಿಲ್ಲ ಎಂದು ತನ್ನ ಹಣವನ್ನೇ ಹಾಕಿ, ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ಥರ್ಡ್ ಪಾರ್ಟಿ ಪಾಲಿಸಿ ಮಾಡಿದಳು. ನೆಂಟನಲ್ಲವೇ, ಆಮೇಲೆ ಕೊಡುತ್ತಾನೆ. ಪಾಲಿಸಿಯನ್ನು ಅವನ ಮೊಬೈಲಿಗೆ ಕಳಿಸಿ, ಕೆಳಗೆ "ಇನ್ನು ಧೈರ್ಯದಲ್ಲಿ ಓಡಿಸು" ಎಂದು ಬರೆದು ಕೈಮುಗಿಯುವ ಚಿತ್ರವನ್ನೂ ಹಾಕಿದಳು. ಪಾಲಿಸಿಯ ಮೊದಲ ಪುಟದಲ್ಲಿ ವಿಮೆಯ ಅವಧಿ ಎಂಬಲ್ಲಿ, ಆ ದಿನದ ತಾರೀಕಿನ ಪಕ್ಕ, 10:52 ಗಂಟೆಯಿಂದ ಎಂದಿತ್ತು.

ಆ ಸಂದೇಶ ತಲುಪುವಾಗ ಭೋಜ ಪೊಲೀಸ್ ಠಾಣೆಯ ಬೆಂಚಿನಲ್ಲಿ ಕೂತಿದ್ದ. ಎಂಟು ಇಪ್ಪತ್ತಕ್ಕೆ, ಪುತ್ತಿಗೆಯ ತಿರುವಿನಲ್ಲಿ, ಎದುರಿನ ಬಸ್ಸಿಗೆ ಜಾಗ ಕೊಡಲು ಹೋಗಿ ಅವನ ಪಿಕಪ್ ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದ ಒಬ್ಬರಿಗೆ ಬಡಿದಿತ್ತು. ಅವರ ಹೆಸರು ಜತ್ತಪ್ಪ. ಬೆಳ್ತಂಗಡಿ ಕಡೆಯ ಗುಡ್ಡದ ಊರಿನವರು. ಪುತ್ತಿಗೆಯ ರಬ್ಬರ್ ತೋಟವೊಂದರಲ್ಲಿ ಹಾಲು ಇಳಿಸುವ ಕೆಲಸಕ್ಕೆ ಬಂದು ಅಲ್ಲಿಯೇ ಉಳಿದುಕೊಂಡಿದ್ದರು. ಅದೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಜಲಜಾಕ್ಷಿಗೆ ವಿಷಯ ತಿಳಿದದ್ದು ಸಂಜೆ. ಎಷ್ಟು ಗಂಟೆಗೆ ಎಂದು ಅವಳು ಮೊದಲು ಕೇಳಿದಳು. ಕೇಳಿದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಒಂದು ಜೀವ ಹೋಗಿದೆ, ಯಾರು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವುದು ಬಿಟ್ಟು ಗಂಟೆ ಕೇಳಿದೆನಲ್ಲ ಎಂದು ಆ ದಿನ ಊಟವನ್ನೂ ಮಾಡಲಿಲ್ಲ. ಆದರೆ ಇಪ್ಪತ್ತೈದು ವರ್ಷದ ಕಸುಬು ಅದು, ಬಾಯಿಗೆ ಬೇರೆ ಪ್ರಶ್ನೆ ಬರುವುದಿಲ್ಲ.

ಜತ್ತಪ್ಪನ ಹೆಂಡತಿ ಕಾವೇರಮ್ಮ ಮತ್ತು ಮಗಳು ವಿಸ್ಮಿತಾ ಬೆಳ್ತಂಗಡಿಯ ಅಪಘಾತ ಪರಿಹಾರದ ಕೋರ್ಟಿನಲ್ಲಿ ಅರ್ಜಿ ಹಾಕಿದರು, ಭೋಜನ ಮೇಲೆ ಮತ್ತು ಕಂಪನಿಯ ಮೇಲೆ. ಕಂಪನಿ ಹೇಳಿದ್ದು ಎರಡೇ ಮಾತು. ಅಪಘಾತ ಎಂಟು ಇಪ್ಪತ್ತಕ್ಕೆ ಎಂದು ಪೊಲೀಸರ ಕಾಗದದಲ್ಲಿದೆ. ನಮಗೆ ಪ್ರೀಮಿಯಂ ಮುಟ್ಟಿದ್ದು, ಪಾಲಿಸಿ ಶುರುವಾದದ್ದು ಹತ್ತು ಐವತ್ತೆರಡಕ್ಕೆ.

ಕೇಸು ಎರಡನೆಯ ವರ್ಷಕ್ಕೆ ಬಿದ್ದಾಗ ಭೋಜ ಅಂಗಡಿಗೆ ಬಂದ. ಅರ್ಧ ಇಳಿದುಹೋಗಿದ್ದ. ಪಿಕಪ್ಪಿನ ಸಾಲವೇ ತೀರಿರಲಿಲ್ಲ. ಕಂಪನಿ ಪಾರಾದರೆ ಪರಿಹಾರವೆಲ್ಲ ಅವನ ತಲೆಯ ಮೇಲೆ.

"ಅಕ್ಕ, ನನ್ನ ವಕೀಲರು ನಿಮ್ಮನ್ನು ಸಾಕ್ಷಿಗೆ ಕರೀತಾರೆ. ಏಳು ನಲವತ್ತಕ್ಕೆ ನಾನು ಹಣ ಕೈಗೆ ಕೊಟ್ಟೆ ಅಂತ ಒಂದು ಮಾತು ಹೇಳಿ. ಏಜೆಂಟರ ಕೈಗೆ ಬಂದರೆ ಕಂಪನಿಗೆ ಬಂದ ಹಾಗೆ ಅಂತ ವಾದ ಮಾಡಿ ನೋಡ್ಬಹುದಂತೆ."

ಅವಳು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದಳು.

"ನನಗೋಸ್ಕರ ಬೇಡ. ಆ ಕಾವೇರಮ್ಮನ ಮುಖ ನೋಡಿ ಹೇಳಿ. ನನ್ನ ಹತ್ರ ಎಂತ ಉಂಟು ಅವರಿಗೆ ಕೊಡ್ಲಿಕ್ಕೆ? ಕಂಪನಿಯಾದ್ರೆ ಕೊಡ್ತದೆ."

ಅದು ಅವಳಿಗೆ ನಾಟಿತು. ಹಾಗೆ ಹೇಳಿದರೆ ಹಣ ಇಟ್ಟುಕೊಂಡು ಮೂರು ಗಂಟೆ ಕಟ್ಟದೆ ಕೂತ ಏಜೆಂಟು ಎಂದು ಹೆಸರು ಕೆಡುತ್ತದೆ, ಲೈಸೆನ್ಸೂ ಹೋಗಬಹುದು. ಹೋಗಲಿ ಎಂದೇ ಅನಿಸಿತು. ಹೋಗಿ ಬಾ ಎಂದವಳು ತಾನೇ ಅಲ್ಲವೇ. "ಹೇಳ್ತೇನೆ" ಎಂದಳು.

ಬೆಳ್ತಂಗಡಿಯ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗುವವರೇ ತುಂಬಿದ್ದರು. ಸುಳ್ಳು ಆಣೆಗೆ ಹೆದರುವ ಸೀಮೆ ಅದು. ಗಡಿ ತಕರಾರಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಾಡುವವರೂ ಆಣೆಯ ಮಾತು ಬಂದರೆ ತಣ್ಣಗಾಗುತ್ತಾರೆ. ಕೋರ್ಟಿನ ಪ್ರಮಾಣ ಬೇರೆ, ದೇವರ ಆಣೆ ಬೇರೆ ಎಂದು ದಾರಿಯುದ್ದಕ್ಕೂ ಅವಳು ತನಗೆ ತಾನೇ ಹೇಳಿಕೊಂಡಳು. ಕಟಕಟೆಯಲ್ಲಿ ನಿಂತು, ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುತ್ತೇನೆ ಎಂದು ಉಚ್ಚರಿಸುವಾಗ ಎರಡೂ ಒಂದೇ ಆಗಿಬಿಟ್ಟವು.

"ಆ ದಿನ ಬೆಳಿಗ್ಗೆ ಏಳು ನಲವತ್ತಕ್ಕೆ ಭೋಜ ನಿಮಗೆ ಪ್ರೀಮಿಯಂ ಹಣ ಕೊಟ್ಟರು, ಸರಿಯಾ?" ಎಂದು ಭೋಜನ ವಕೀಲರು ಕೇಳಿದರು.

"ಕೊಡ್ತೇನೆ ಅಂತ ಫೋನ್ ಮಾಡಿದ. ನಾನೇ ಬೇಡ ಹೇಳಿದ್ದು. ರಾಹುಕಾಲ ಇತ್ತು."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲರ ಮುಖ ಸಪ್ಪಗಾಯಿತು. ಭೋಜ ತಲೆ ತಗ್ಗಿಸಿದ. ಕಂಪನಿಯ ವಕೀಲರು ಎದ್ದು, ಹತ್ತು ಐವತ್ತೆರಡಕ್ಕೆ ಕಟ್ಟಿದ್ದು ನಿಮ್ಮದೇ ಹಣವೇ ಎಂದು ಕೇಳಿದರು. ಹೌದು ಎಂದಳು. ಅದಕ್ಕಿಂತ ಮೊದಲು ಒಂದು ರೂಪಾಯಿಯೂ ಕಂಪನಿಗೆ ಹೋಗಿಲ್ಲವಲ್ಲ ಎಂದರು. ಇಲ್ಲ ಎಂದಳು. ಹೋಗಿ ಬಾ ಎಂದು ನೀವೇ ಕಳಿಸಿದಿರಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಅದನ್ನೂ ಹೇಳಿ ಹಗುರಾಗುತ್ತಿದ್ದಳು.

ತೀರ್ಪು ಬಂದ ದಿನ ಅವಳನ್ನು ಯಾರೂ ಕರೆದಿರಲಿಲ್ಲ, ಆದರೂ ಹೋದಳು. ಪಾಲಿಸಿಯಲ್ಲಿ ತಾರೀಕು ಮಾತ್ರ ಇದ್ದಿದ್ದರೆ ಆ ದಿನದ ಆರಂಭದಿಂದಲೇ ವಿಮೆ ಇದೆಯೆಂದು ಹಿಡಿಯಬಹುದಿತ್ತು. ಇಲ್ಲಿ ಗಂಟೆಯೂ ನಮೂದಾಗಿದೆ, ಆದ್ದರಿಂದ ಆ ಗಂಟೆಯಿಂದಲೇ. ಅಪಘಾತದ ಹೊತ್ತಿಗೆ ವಿಮೆ ಇರಲಿಲ್ಲ, ಕಂಪನಿಯ ಹೊಣೆಯಿಲ್ಲ, ಪರಿಹಾರವನ್ನು ಗಾಡಿಯ ಮಾಲೀಕನೇ ಕೊಡಬೇಕು. ನ್ಯಾಯಾಧೀಶರು ಓದಿ ಮುಗಿಸಿ ಮುಂದಿನ ಕೇಸು ಕರೆದರು. ಭೋಜ ಅವಳ ಕಡೆ ನೋಡದೆ ಮೆಟ್ಟಿಲಿಳಿದು ಹೋದ.

ಹೊರಗೆ ಜಗಲಿಯ ಕಂಬದ ಹತ್ತಿರ ಕಾವೇರಮ್ಮ ನಿಂತಿದ್ದರು. ಸಣ್ಣ ದೇಹ, ಗಂಟುಬಿದ್ದ ಬೆರಳುಗಳು. ಜಲಜಾಕ್ಷಿ ಹತ್ತಿರ ಹೋದಳು. ಕಾಲಿಗೆ ಬೀಳಬೇಕೆಂದು ಹೋದವಳಿಗೆ ಕೈಮುಗಿಯುವುದಕ್ಕೂ ಧೈರ್ಯ ಬರಲಿಲ್ಲ.

"ನೀವೇ ಅಲ್ವಾ ಅಮ್ಮ, ಇನ್ಶೂರೆನ್ಸ್ ಕಟ್ಟಿದ್ದು?" ಕಾವೇರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು ಎಂದು ಜಲಜಾಕ್ಷಿಗೆ ಅನಿಸಿತು.

"ಹೌದು."

"ವಕೀಲರು ಎಂತೆಂತದೋ ಹೇಳ್ತಾರೆ, ನನಗೆ ಅರ್ಥ ಆಗುದಿಲ್ಲ. ನಿಮ್ಮ ಹತ್ರ ಒಂದು ಕೇಳ್ಬೇಕಿತ್ತು. ನೀವು ಕಟ್ಟಿದ್ದು ಹತ್ತು ಐವತ್ತೆರಡಕ್ಕೆ ಅಲ್ವಾ?"

"ಹೌದು ಕಾವೇರಮ್ಮ."

"ನಾನು ಮತ್ತೆ ವಿಸ್ಮಿತಾ ಬಸ್ಸಿಳಿದು ಆಸ್ಪತ್ರೆಗೆ ಓಡುವಾಗ ಹತ್ತೂವರೆ. ಒಳಗೆ ಬಿಟ್ಟರು. ಇವರಿಗೆ ಗುರುತು ಸಿಕ್ಕಿತು. ಗದ್ದೆಯ ನೀರಿನ ತೂಬು ಮುಚ್ಚಿ ಬಂದೆಯಾ ಅಂತ ಕೇಳಿದರು. ಹನ್ನೊಂದೂವರೆವರೆಗೆ ಜೀವ ಇತ್ತಮ್ಮ, ಕೈ ಬಿಸಿ ಇತ್ತು, ನಾನೇ ಹಿಡ್ಕೊಂಡು ಕೂತಿದ್ದೆ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ನೀವು ಕಟ್ಟುವಾಗ ಇವರು ಇದ್ದರಲ್ಲ. ಮತ್ತೆ ಯಾಕೆ ಆಗುದಿಲ್ಲ ಹೇಳ್ತಾರೆ?"

ಲೆಕ್ಕಕ್ಕೆ ಬರುವುದು ಜೀವ ಹೋದ ಹೊತ್ತಲ್ಲ, ಗಾಡಿ ಬಡಿದ ಹೊತ್ತು. ಇಪ್ಪತ್ತೈದು ವರ್ಷದಲ್ಲಿ ನೂರಾರು ಮಂದಿಗೆ ಪಾಲಿಸಿಯ ಒಂದೊಂದು ಸಾಲನ್ನೂ ಬಿಡಿಸಿ ಹೇಳಿದವಳು ಜಲಜಾಕ್ಷಿ. ಇದನ್ನೂ ಹೇಳಲು ಬಾಯಿ ತೆರೆದಳು. ಕಾವೇರಮ್ಮ ಉತ್ತರಕ್ಕಾಗಿ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದರು.