ಮಸ್ಕತ್ತಿನ ಲೈಸೆನ್ಸು

ಎಂಬತ್ತರ ಆಸುಪಾಸಿನ ಮಾತು. ಮಸ್ಕತ್ತಿಗೆ ಹೋದಾಗ ನನ್ನ ಕಿಸೆದಾಗ ಬೆಳಗಾವಿ ಆರ್‌ಟಿಒ ಕೊಟ್ಟ ಲೈಸೆನ್ಸಿನ ಪುಸ್ತಕ ಇತ್ತು. ಹನ್ನೆರಡು ವರ್ಷ ಖಾನಾಪುರ-ಕಣಕುಂಬಿ ಹಾದಿಯೊಳಗ ಕಟಗಿ ಲಾರಿ ಹೊಡದಾಂವ ನಾನು. ನನಗ್ಯಾವ ಮಗ ಗಾಡಿ ಕಲಸ್ತಾನ ಅನ್ನೂ ಸೊಕ್ಕು ಬ್ಯಾರೆ.

ಕಂಪನಿ ಮ್ಯಾನೇಜರ್ ಆ ಪುಸ್ತಕ ತಿರುವಿ ನೋಡಿ, ಇದು ಇಲ್ಲಿ ನಡಿಯೂದಿಲ್ಲ, ಇಲ್ಲಿನ ಲೈಸೆನ್ಸ್ ಆಗೂತನಕ ಗೋಡೌನದಾಗ ಸಿಮೆಂಟ್ ಚೀಲ ಹೊರು ಅಂದ. ಮೂರು ಸಲ ಟೆಸ್ಟಿಗೆ ಕಳಸ್ತೇವಿ, ಆಗಲಿಲ್ಲಂದ್ರ ವಾಪಸ್ ಊರಿಗೆ ಅಂತನೂ ಹೇಳಿದ. ಡ್ರೈವರ್ ಅಂತ ಖಾನಾಪುರ ತುಂಬ ಹೇಳಿ ಬಂದಾಂವ, ಹೆಂಡತಿಗೆ ಏನಂತ ಬರೀಲಿ? ಗಾಡಿ ಕೊಟ್ಟಾರ, ಆರಾಮ ಓಡಸಾಕತ್ತೀನಿ ಅಂತ ಹಸಿ ಸುಳ್ಳು ಬರದೆ.

ಟೆಸ್ಟಿನ ಅರ್ಜಿಗಂತ ಪ್ಯಾಟ್ಯಾಗ ಒಬ್ಬ ಮುದುಕ ನನ್ನ ಲೈಸೆನ್ಸಿನ ಹಾಳಿ ಒಂದೊಂದ ಅರಬ್ಬಿಯೊಳಗ ಟೈಪ್ ಮಾಡಿ ಸಿಕ್ಕಾ ಹೊಡದ. ನನ್ನ ಹೆಸರು ನನಗ ಓದಾಕ ಬರಲಿಲ್ಲ. ಕಣ್ಣಿನ ಪರೀಕ್ಷಾಕ್ಕ ಒಂದ ಕಣ್ಣ ಮುಚ್ಚಿ, ಗ್ವಾಡಿ ಮ್ಯಾಲಿನ ಗುರುತು ಯಾವ ಕಡೆ ಬಾಯಿ ತಗದೈತಿ ಅಂತ ಕೈಮಾಡಿ ತೋರಸಿದೆ. ಅದೊಂದ ಸಲೀಸ ಆತು.

ಮೊದಲನೇ ಟೆಸ್ಟಿನ್ಯಾಗ ಡ್ರಮ್ಮುಗಳ ನಡುವ ಗಾಡಿ ಹಿಂದಕ್ಕ ತಗೋಬೇಕಿತ್ತು. ಸ್ಟೇರಿಂಗ್ ಎಡಕ್ಕ, ಅಂದಾಜು ಎಲ್ಲಾ ಉಲ್ಟಾ. ಡ್ರಮ್ ಬಿತ್ತು. ಎರಡನೇ ಸಲ ಡ್ರಮ್ ದಾಟಿದೆ, ದಿನ್ನಿ ಮ್ಯಾಲ ಗಾಡಿ ಹಿಂದ ಜಾರದಂಗ ಎತ್ತಿದೆ, ರಸ್ತೇಕ್ಕೂ ಬಂದೆ. ಬಾಜೂಕ ಕುಂತ ಪೊಲೀಸ್ ಸಾಹೇಬ ಬಲಕ್ಕ ಹೊಳ್ಳು ಅಂದ. ನಮ್ಮ ಲಾರಿಗೆ ಇಂಡಿಕೇಟರ್ ಯಾವ ಕಾಲಕ್ಕ ನೆಟ್ಟಗಿತ್ತು? ಬಲಗೈ ತಾನಾಗೇ ಹೊರಗ ಹೋತು. ಆದ್ರ ಅಲ್ಲಿ ಕಿಡಕಿ ಇರಲಿಲ್ಲ, ಸಾಹೇಬನ ಎದಿ ಇತ್ತು. ಅಂವ ಬೈಯಲೂ ಇಲ್ಲ. ಇಳಿ ಅಂದ.

ಮುಂದಿನ ತಾರೀಕಿಗೆ ಮೂರು ತಿಂಗಳು. ಚೀಲ ಹೊತ್ತು ಹೊತ್ತು ಹೆಗಲು ಸುಲದಿತ್ತು. ಸಂಜಿಕ ಖಾಟಿನ ಮ್ಯಾಲ ಕುಂತು, ಬಲಗೈ ಗೇರಿಗೆ, ಎಡಗೈ ಇಂಡಿಕೇಟರಿಗೆ ಅಂತ ಬರೇ ಗಾಳ್ಯಾಗ ರೂಢಿ ಮಾಡಿದೆ. ನನ್ನ ಕೈ ಮ್ಯಾಲ ನನಗ ಸಿಟ್ಟು ಬರತಿತ್ತು.

ಮೂರನೇ ಸಲ ಪಾಸಾದೆ. ಖುಷಿ ಪಡಾಕೂ ತ್ರಾಣ ಇರಲಿಲ್ಲ, ಖೋಲಿಗೆ ಬಂದು ಮಲಗಿಬಿಟ್ಟೆ. ಎದ್ದ ಮ್ಯಾಲ ಪತ್ರ ಬರಿಯಾಕ ಕುಂತ್ರ ಪೆನ್ನು ಮುಂದ ಹೋಗವಲ್ದು. ಮನಿಯವರ ಪಾಲಿಗೆ ನಾ ಎಂಟು ತಿಂಗಳಿಂದ ಗಾಡಿ ಓಡಸಾಕತ್ತೀನಿ, ಇನ್ನ ಪಾಸಾದೆ ಅಂತ ಯಾರಿಗೆ ಹೇಳಲಿ? ಆ ಪತ್ರ ಅಲ್ಲೇ ಬಿಟ್ಟೆ; ಕಂಪನಿಯವರು ಖರೇನ ಗಾಡಿ ಕೊಟ್ಟ ಮ್ಯಾಲ ಅದು ಇದು ಗೀಚಿ ಹಾಕಿದೆ.

ಎರಡು ವರ್ಷಕ್ಕ ಸೂಟಿಗೆ ಊರಿಗೆ ಬಂದಾಗ, ಊಟಕ್ಕ ಕುಂತಲ್ಲೇ ಹೆಂಡತಿ ಮುಂದ ಎಲ್ಲಾ ಒಪ್ಪಿಕೊಂಡೆ. ಆಕಿ ರೊಟ್ಟಿ ಬಡಿಯೂದು ನಿಲ್ಲಸಲಿಲ್ಲ.

"ನನಗ ಗೊತ್ತಿತ್ತು ಬಿಡ್ರಿ. ಇಲ್ಲಿದ್ದಾಗ ದಿನಾ ಆ ಹಾದಿಗೆ ಬೈಕೋತನ ಮನಿಗೆ ಬರತಿದ್ರಿ. ಎಂಟು ತಿಂಗಳ ಪತ್ರದಾಗ ಹಾದಿ ಮಾತ ಇಲ್ಲ."

ಆಕಿ ಬಡದ ರೊಟ್ಟಿ ಹಂಚಿನ ಮ್ಯಾಲ ಹಾಕಿದ್ಲು.

"ಆಮ್ಯಾಲ ಒಂದ ಪತ್ರದಾಗ, ಇಲ್ಲಿ ಮಂದಿಗೆ ಗಾಡಿ ಹೊಡಿಯಾಕ ಬರೂದಿಲ್ಲ ಅಂತ ಎರಡು ಹಾಳಿ ಬೈದಿದ್ರಿ. ಅವತ್ತ ಓಣಿ ತುಂಬ ಸಕ್ಕರಿ ಹಂಚೇನಿ. ಯಾಕ ಅಂತ ಯಾರಿಗೂ ಹೇಳಿಲ್ಲ."