ಮಡಿಚಿದ ಅಂಗಿಯ ಮೇಲೆ ರಾಗಿ ತೆನೆ

‘ಇದು ಕಿಟಕಿ ಸರಳಿನ ನೆರಳು’ ಎಂದು ಮೊದಲು ಹೇಳಿದ್ದು ಅಕ್ಕನೋ ನಾನೋ, ನನಗೆ ಖಚಿತವಿಲ್ಲ. ನಾನೇ ಹೇಳಿದೆ ಎಂದು ಅಕ್ಕ ಈಗಲೂ ಸಾಧಿಸುತ್ತಾಳೆ. ನನ್ನ ನೆನಪಿನಲ್ಲಿ ಮಾತ್ರ ಅವಳೇ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಹೇಳಿದ್ದಾಳೆ. ಇಬ್ಬರೂ ಇನ್ನೊಬ್ಬರಿಗೆ ಹಿರಿಮೆ ಕೊಡುವ ನೆನಪುಗಳು ಇರುವುದೇ ಅಪರೂಪ. ಅದಕ್ಕೇ ನನಗೆ ಎರಡರ ಮೇಲೂ ಅನುಮಾನ.

ಹುಣಸೂರಿನಲ್ಲಿ ಅಕ್ಕ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇಟ್ಟಿದ್ದಳು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಮದುವೆ ಕಾರ್ಡು, ಬಟ್ಟೆ ಚೀಲ, ಅಂಗಡಿಗಳ ಕವರು, ಇಷ್ಟೇ ಅವಳ ಕೆಲಸ. ಟೀ ಶರ್ಟು ಬೇಕಾದವರು ಸೀದಾ ಮೈಸೂರಿಗೆ ಬಸ್ಸು ಹತ್ತುತ್ತಿದ್ದರು. ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಕೆ.ಆರ್. ನಗರದ ಒಂದು ಕಾಲೇಜಿನಲ್ಲಿ ಅರೆಕಾಲಿಕ ಪಾಠ ಮಾಡುತ್ತಿದ್ದೆ. ಪಾಠವಿಲ್ಲದ ದಿನ ಮನೆಯಲ್ಲಿ ಕೂರಲಾಗದೆ ಅಕ್ಕನ ಅಂಗಡಿಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆ. ಕಾರ್ಡಿನ ಅಕ್ಷರ ಜೋಡಿಸುತ್ತಲೇ ಚಿತ್ರ ತಿದ್ದುವ ಸಾಫ್ಟ್‌ವೇರನ್ನು ಅಷ್ಟಿಷ್ಟು ಕಲಿತಿದ್ದೆ.

ಆ ವರ್ಷ ಪಿರಿಯಾಪಟ್ಟಣದ ಕಡೆಯ ಒಂದು ರೈತ ಯುವಕರ ಸಂಘ ವಾಲಿಬಾಲ್ ಪಂದ್ಯಾವಳಿ ಇಟ್ಟುಕೊಂಡಿತ್ತು. ಬಂದ ತಂಡಗಳಿಗೆಲ್ಲ ಬಿಳಿ ಟೀ ಶರ್ಟು, ಎದೆಯ ಮೇಲೆ ಸಂಘದ ಗುರುತು: ಚೆಂಡನ್ನು ಸುತ್ತಿದ ಹಸಿರು ರಾಗಿ ತೆನೆ, ಕೆಳಗೆ ಕೆಂಪು ಪಟ್ಟಿ. ಸಂಘದ ಕಾರ್ಯದರ್ಶಿ ಹೊಗೆಸೊಪ್ಪು ಬೆಳೆಯುವ ಹಿರಿಯರು, ನಮ್ಮ ತಂದೆಯ ಪರಿಚಯ. ಆ ಪರಿಚಯದ ಮೇಲೇ ಅಕ್ಕನ ಅಂಗಡಿಗೆ ಬಂದರು. ಆದರೆ ಕೆಲಸವನ್ನು ಪರಿಚಯದ ಮೇಲೆ ಕೊಡುವವರಲ್ಲ.

‘ನೋಡವ್ವ, ಅತಿಥಿಗಳು ತಂಡದವ್ರಿಗೆ ಅಂಗಿನ ಬಿಡ್ಸಿ ಕೊಡಕಿಲ್ಲ. ಮಡ್ಚಿರೋ ಅಂಗಿನ ಕೈಗೆ ಕೊಡ್ತರೆ, ಪೋಟೊದವ್ರು ತೆಗೀತರೆ. ಮಡ್ಚಿದಾಗ ನಮ್ ತೆನೆ ಎಂಗೆ ಕಾಣ್ತದೆ, ಅದು ತೋರ್ಸು ನಂಗೆ. ಶುಕ್ರವಾರ ಸಂತೆಗೆ ಬತ್ತೀನಿ. ಇಲ್ಲಾಂದ್ರೆ ಅಂಗೇ ಮೈಸೂರು ಬಸ್ಸು ಹತ್ತದೇಯ.’

ಒಂದು ಅಂಗಿ ಮುದ್ರಿಸಿಯೇ ತೋರಿಸಬಹುದಿತ್ತಲ್ಲ ಎಂದು ಈಗ ಅನ್ನಿಸಬಹುದು. ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್, ಅಂದರೆ ಬಣ್ಣ ಇಳಿಸುವ ಜಾಲರಿ ಚೌಕಟ್ಟು, ಮಾಡಬೇಕು. ಗುರುತಿನ ಗಾತ್ರ, ಜಾಗ ಯಾವುದನ್ನೂ ಸಂಘದವರು ಇನ್ನೂ ತೀರ್ಮಾನಿಸಿರಲಿಲ್ಲ. ಅವರು ಸಲ ಸಲಕ್ಕೂ ಮನಸ್ಸು ಬದಲಿಸಿದರೆ ಅಕ್ಕ ಸಲ ಸಲಕ್ಕೂ ಹೊಸ ಸ್ಕ್ರೀನ್ ಮಾಡಬೇಕಾಗುತ್ತಿತ್ತು. ಅದಕ್ಕೇ ಅಂಗಿಯ ಚಿತ್ರದ ಮೇಲೆ ತೆನೆಯನ್ನು ಕೂರಿಸಿ ತೋರಿಸೋಣ ಎಂದೆ. ಹಾಗೆ ಹೇಳಿದವನು ನಾನು ಎಂಬುದರಲ್ಲಿ ಅನುಮಾನವಿಲ್ಲ, ಏಕೆಂದರೆ ಆಮೇಲೆ ಬೈಸಿಕೊಂಡವನೂ ನಾನೇ.

ಯಾವುದೋ ಕ್ಯಾಟಲಾಗಿನಿಂದ ಸ್ಕ್ಯಾನ್ ಮಾಡಿದ ಅಂಗಿಯ ಮೇಲೆ ತೆನೆಯನ್ನು ಅಂಟಿಸಿದೆ. ಬಟ್ಟೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿದಿತ್ತು. ತೆನೆ ಮಾತ್ರ ಗೋಡೆಗೆ ಹೊಡೆದ ಫಲಕದ ಹಾಗೆ ನೆಟ್ಟಗಿತ್ತು. ಅಕ್ಕ ನೋಡಿ, ‘ಅಂಗಿ ಮೇಲೆ ಬೆಂಕಿಪೊಟ್ಣದ ಚೀಟಿ ಅಂಟ್ಸಿದ್ದೀಯಲ್ಲಾ, ಇದ್ನ ತೋರ್ಸುದ್ರೆ ಅವ್ರು ಸಂತೇಲಿ ಈರುಳ್ಳಿನೂ ತಗೊಳ್ದಂಗೆ ಓಡೋಯ್ತರೆ’ ಎಂದಳು.

ಸಾಫ್ಟ್‌ವೇರಿನಲ್ಲಿ ‘ಡಿಸ್‌ಪ್ಲೇಸ್’ ಎಂಬ ಒಂದು ಫಿಲ್ಟರ್ ಇತ್ತು. ಅದಕ್ಕೆ ಒಂದು ಕಪ್ಪು ಬಿಳುಪಿನ ಚಿತ್ರವನ್ನು ನಕ್ಷೆಯಾಗಿ ಕೊಡಬೇಕು. ನಕ್ಷೆ ನಡುಬೂದಿ ಬಣ್ಣ ಇರುವಲ್ಲಿ ತೆನೆ ಅಲುಗುವುದಿಲ್ಲ. ಅದಕ್ಕಿಂತ ಬೆಳಕಾದ ಕಡೆ ತೆನೆಯ ಚುಕ್ಕಿಗಳು ಒಂದು ದಿಕ್ಕಿಗೆ ಸರಿಯುತ್ತವೆ, ಕತ್ತಲಾದ ಕಡೆ ಎದುರು ದಿಕ್ಕಿಗೆ. ಅಂಗಿಯ ಫೋಟೊವನ್ನೇ ನಕ್ಷೆಯಾಗಿ ಕೊಟ್ಟರೆ ಮಡಿಕೆಯ ಬೆಳಕು ನೆರಳಿನ ಜೊತೆಗೇ ತೆನೆಯೂ ಬಾಗುತ್ತದೆ. ನನಗೆ ಬಹಳ ಹಿಡಿಸಿದ ಉಪಾಯ ಇದು. ಆದರೆ ಅದಕ್ಕೆ ನಮ್ಮದೇ ಅಂಗಿಯ ಒಳ್ಳೆಯ ಫೋಟೊ ಬೇಕಿತ್ತು.

ಪಕ್ಕದ ಸ್ಟುಡಿಯೊದ ಗೆಳೆಯ ಹೊಸದಾಗಿ ಡಿಜಿಟಲ್ ಕ್ಯಾಮೆರಾ ತಂದಿದ್ದ. ಅವನು ಬರುತ್ತಾನೆಂದು ತಿಳಿದ ಅಕ್ಕ ಒಂದು ಖಾಲಿ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ, ಒಳಗೆ ರಟ್ಟಿಟ್ಟು, ಹಪ್ಪಳದ ಹಾಗೆ ಮಟ್ಟಸವಾಗಿ ಮಡಿಚಿ ಮೇಜಿನ ಮೇಲೆ ಇಟ್ಟಿದ್ದಳು. ಗಿರಾಕಿಗೆ ತೋರಿಸುವ ಬಟ್ಟೆ ಸುಕ್ಕಾಗಿರುವುದೆಂದರೆ ಅವಳಿಗೆ ಊಟಕ್ಕೆ ತೊಳೆಯದ ತಟ್ಟೆ ಇಟ್ಟ ಹಾಗೆ. ನಾನು ರಟ್ಟು ತೆಗೆದು ಅಂಗಿಯನ್ನು ಕೈಯಲ್ಲಿ ಸ್ವಲ್ಪ ಹಿಸುಕಿದೆ.

‘ಅಯ್ಯಯ್ಯೋ, ಏನ್ಲಾ ಮಾಡ್ತಿದ್ದೀಯ?’

‘ಏರಿಳಿತ ಇಲ್ದೆ ಇದ್ರೆ ಕಂಪ್ಯೂಟ್ರಿಗೆ ಏನೂ ಗೊತ್ತಾಗಲ್ಲ ಅಕ್ಕ.’

‘ನಾನು ಬೆಳಿಗ್ಗೆಯಿಂದ ಇಸ್ತ್ರಿ ತಿಕ್ಕಿರೋದು ನಿನ್ ಕಂಪ್ಯೂಟ್ರಿಗೆ ಗೊತ್ತಾಗಲ್ವಾ?’

‘ಬುಡಕ್ಕ,’ ಎಂದ ಗೆಳೆಯ ಕ್ಯಾಮೆರಾ ಹಿಡಿದುಕೊಂಡೇ. ‘ಪ್ರೊಫೆಸ್ರು ಎಂ.ಎ. ಓದಿರೋದೇ ಇಸ್ತ್ರಿ ಅಂಗಿ ಸುಕ್ಕು ಮಾಡಕ್ಕೆ.’

ಕಿಟಕಿಯ ಪಕ್ಕದ ಮೇಜಿನ ಮೇಲೆ ಫೋಟೊ ತೆಗೆದದ್ದಾಯಿತು. ಗೆಳೆಯ ಅದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟು ಹೋದ. ಮಾರನೆಯ ದಿನವೇ ಶುಕ್ರವಾರ.

ಫೋಟೊದ ಒಂದು ಪ್ರತಿ ಮಾಡಿ ಬಣ್ಣ ತೆಗೆದೆ. ಬಿಳಿ ಅಂಗಿಯಾದ್ದರಿಂದ ನಕ್ಷೆ ಪೂರಾ ಬೆಳ್ಳಗಿತ್ತು, ಮೊದಲ ಸಲ ಇಡೀ ತೆನೆಯೇ ಜಾರಿ ಮೂಲೆಗೆ ಹೋಯಿತು. ಬಟ್ಟೆಯ ಸಾಧಾರಣ ಬಣ್ಣ ನಡುಬೂದಿಗೆ ಬರುವವರೆಗೆ ಕತ್ತಲು ಮಾಡಿ, ಮಡಿಕೆಗಳು ಎದ್ದು ಕಾಣಲು ಕಾಂಟ್ರಾಸ್ಟ್ ಏರಿಸಿದೆ. ಆಗ ಬಟ್ಟೆಯ ಹೆಣಿಗೆಯೂ ಎದ್ದುಬಂದು ತೆನೆಯ ಅಂಚನ್ನು ನುಸಿ ತಿಂದ ಹಾಗೆ ಮಾಡಿತು. ನಕ್ಷೆಯನ್ನು ತುಸು ಮಸುಕು ಮಾಡಿದ ಮೇಲೆ ಅಂಚು ನಯವಾಯಿತು. ಎಷ್ಟು ಸರಿಯಬೇಕೆಂಬ ಅಳತೆಯನ್ನು ಜಾಸ್ತಿ ಕೊಟ್ಟಾಗ ತೆನೆ ಕೆರೆಯ ನೀರಿನಲ್ಲಿ ಅಲುಗುವ ನೆರಳಿನಂತಾಯಿತು. ಕಡಿಮೆ ಮಾಡಿದೆ. ಮಡಿಕೆಯ ಮೇಲೆ ತೆನೆ ಈಗ ಸರಿಯಾಗಿ ಬಾಗುತ್ತಿತ್ತು.

ಆದರೆ ಬಟ್ಟೆ ಮಟ್ಟಸವಾಗಿದ್ದ ಎಡಭಾಗದಲ್ಲೂ ಅದು ಬಾಗುತ್ತಿತ್ತು. ಅಲ್ಲಿ ಕೆಂಪು ಪಟ್ಟಿ ಸಮ ಸಮ ದೂರದಲ್ಲಿ ಸಣ್ಣಗೆ ಕೊಂಕುತ್ತಿತ್ತು. ಫೋಟೊವನ್ನು ಎಷ್ಟು ನೋಡಿದರೂ ಅಲ್ಲಿ ಮಡಿಕೆ ಕಾಣಲಿಲ್ಲ. ನಾನು ಅಳತೆಗಳನ್ನೇ ಹಿಂದೆ ಮುಂದೆ ಮಾಡುತ್ತ ಕೂತೆ. ಅಕ್ಕ ಕೈಯಲ್ಲಿದ್ದ ಚೀಲ ಕೆಳಗಿಟ್ಟು ಬಂದು ನೋಡಿದಳು.

‘ಬಟ್ಟೆ ಇಂಗೆ ಸಮಸಮವಾಗಿ ಸುಕ್ಕಾಗಕಿಲ್ಲ ಕಣ್ಲಾ. ಇದು ಬಟ್ಟೆದಲ್ಲ.’

ನಾನು ಫೋಟೊ ಬಿಟ್ಟು ನಕ್ಷೆಯನ್ನು ತೆರೆದೆ. ಎಡಭಾಗದಲ್ಲಿ ಮಸುಕು ಪಟ್ಟೆಗಳು ಸಾಲಾಗಿ ನಿಂತಿದ್ದವು. ಇಬ್ಬರೂ ಒಟ್ಟಿಗೇ ತಿರುಗಿ ಕಿಟಕಿ ನೋಡಿದೆವು. ಸರಳಿನ ಮಾತನ್ನು ಆಗ ನಮ್ಮಿಬ್ಬರಲ್ಲಿ ಒಬ್ಬರು ಆಡಿದ್ದು ನಿಜ, ಯಾರೆಂಬುದು ಮಾತ್ರ ತಿಳಿಯದು. ಫೋಟೊದಲ್ಲಿ ಕಣ್ಣಿಗೆ ಬೀಳದಷ್ಟು ತೆಳುವಾಗಿದ್ದ ನೆರಳನ್ನು ನಾನು ಏರಿಸಿದ ಕಾಂಟ್ರಾಸ್ಟ್ ಎತ್ತಿ ತೋರಿಸಿತ್ತು. ಫಿಲ್ಟರಿಗೆ ಮಡಿಕೆ ಯಾವುದು, ನೆರಳು ಯಾವುದು, ಕಲೆ ಯಾವುದು ಎಂಬ ಭೇದವಿಲ್ಲ. ಕಪ್ಪಾಗಿದ್ದರೆ ಸರಿ, ಬಾಗಿಸುತ್ತದೆ. ಎಂ.ಎ.ಯಲ್ಲಿ ಎರಡು ವರ್ಷ ನಾನು ಕಷ್ಟಪಟ್ಟು ಓದಿದ ವಿಷಯವೂ ಹೆಚ್ಚು ಕಡಿಮೆ ಇದೇ: ಕಂಡದ್ದೆಲ್ಲ ಇದ್ದದ್ದಲ್ಲ. ಅದನ್ನು ಅಕ್ಕನಿಗೆ ಹೇಳಿದೆ. ‘ಇಷ್ಟಕ್ಕೆ ಎರಡು ವರ್ಸ ಬೇಕಿತ್ತಾ?’ ಎಂದು ನಕ್ಕಳು.

ಅಂಗಿಯನ್ನು ಜಗುಲಿಗೆ ಒಯ್ದೆವು. ಬಿಸಿಲು ಬೀಳದ, ಆದರೆ ರಸ್ತೆಯ ಕಡೆಯಿಂದ ಬೆಳಕು ಓರೆಯಾಗಿ ಬರುವ ಜಾಗ. ಈ ಸಲ ಅಕ್ಕನೇ ಮಡಿಚಿದಳು, ಅವಳೇ ಹಿಸುಕಿದಳು. ಅವಳು ಹಿಸುಕಿದ ರೀತಿಯಲ್ಲಿ ಅಂಗಿ ಹೊಸದಾಗಿಯೂ ಇತ್ತು, ಈಗಷ್ಟೇ ಯಾರೋ ಕೈಗೆತ್ತಿಕೊಂಡು ಇಟ್ಟಂತೆಯೂ ಇತ್ತು. ಗೆಳೆಯನನ್ನು ಮತ್ತೆ ಕರೆದು ಫೋಟೊ ತೆಗೆಸಿದೆವು.

ಹೊಸ ನಕ್ಷೆಯಲ್ಲಿ ತೆನೆ ಮಡಿಕೆಯಿದ್ದಲ್ಲಿ ಮಾತ್ರ ಬಾಗಿತು. ಆಮೇಲೆ ತೆನೆಯ ಪದರವನ್ನು, ಮೇಲಿನ ಬಣ್ಣವನ್ನು ಕೆಳಗಿನದರೊಂದಿಗೆ ಬೆರೆಸುವ ‘ಮಲ್ಟಿಪ್ಲೈ’ ವಿಧಾನಕ್ಕೆ ಬದಲಿಸಿದೆ. ಕೆಳಗಿನ ಬಟ್ಟೆಯ ನೆರಳು ಹಸಿರಿನೊಳಗೆ, ಕೆಂಪಿನೊಳಗೆ ಇಳಿದು ಬಂತು. ಬಟ್ಟೆ ಒಳಕ್ಕೆ ಹೊರಳುವ ಒಂದು ಆಳವಾದ ಮಡಿಕೆಯಲ್ಲಿ ಪಟ್ಟಿಯ ತುದಿ ಇನ್ನೂ ಗಾಳಿಯಲ್ಲಿ ನಿಂತಿತ್ತು. ಅಲ್ಲಿ ಫಿಲ್ಟರಿನಿಂದ ಏನೂ ಆಗುವುದಿಲ್ಲ, ಅಷ್ಟನ್ನು ಕೈಯಲ್ಲೇ ಅಳಿಸಿದೆ. ಅಕ್ಕ ಪರದೆಯ ಹತ್ತಿರ ಮುಖ ತಂದು ಮೂಲೆ ಮೂಲೆ ನೋಡಿದಳು. ಕೊನೆಗೆ ‘ಬೆಂಕಿಪೊಟ್ಣ ಓಯ್ತು’ ಎಂದಳು.

ಶುಕ್ರವಾರ ಕಾರ್ಯದರ್ಶಿಯವರು ಸಂತೆ ಚೀಲ ಹಿಡಿದೇ ಬಂದರು. ಸ್ಟುಡಿಯೊದಲ್ಲಿ ಪ್ರಿಂಟ್ ಹಾಕಿಸಿದ್ದ ಚಿತ್ರವನ್ನು ಅಕ್ಕ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಮಡಿಕೆ ತೆನೆಯನ್ನು ದಾಟುವ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು.

‘ಚೆಂದಾಗ್ ಕೂತದೆ. ಅಂಗಿ ಎಲ್ಲವ್ವ? ತತ್ತಾ, ಮುಟ್ಟಿ ನೋಡಾನ.’

ಅಕ್ಕ ಜೋಡಿಸಿಟ್ಟ ಬಟ್ಟೆಗಳ ನಡುವಿನಿಂದ ಆ ಅಂಗಿಯನ್ನೇ ತಂದು ಬಿಡಿಸಿ ಹಿಡಿದಳು. ಎದೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

‘ಇನ್ನೂ ಪ್ರಿಂಟೇ ಆಗಿಲ್ಲ ಅಣ್ಣ. ನೀವು ಊ ಅಂದ್ರೆ ಆಯ್ತದೆ. ನಮ್ಮುಡ್ಗ ಕಂಪ್ಯೂಟ್ರಲ್ಲಿ ಮಾಡಿರೋದು ಅದು.’

ಅವರು ಒಮ್ಮೆ ಚಿತ್ರ ನೋಡಿದರು, ಒಮ್ಮೆ ಖಾಲಿ ಅಂಗಿ ನೋಡಿದರು, ನನ್ನನ್ನೂ ನೋಡಿದರು. ‘ಲೇ, ನಿಮ್ಮಪ್ಪ ಇವ್ನು ಓದಿ ಕೆಟ್ಟ ಅಂತಿದ್ನಲ್ಲಾ!’ ಎಂದು ಅಂಗಡಿ ತುಂಬ ನಕ್ಕರು. ನಗು ನಿಂತ ಮೇಲೆ, ‘ಅಂಗಿ ಇಂಗೇ ಬರ್ಬೇಕು ಕಣವ್ವ, ಚಿತ್ರದಾಗಿರಂಗೇಯ’ ಎಂದರು.

‘ಇಂಗೇ ಬತ್ತದೆ. ಬರ್ದಿದ್ರೆ ಮೈಸೂರು ಬಸ್ಸಿಗೆ ನಾನೇ ಕೈ ಅಡ್ಡ ಆಕಿ ಅತ್ತಿಸ್ತೀನಿ.’

ಹಾಗೆಯೇ ಬಂತು. ಪಂದ್ಯಾವಳಿಯ ದಿನ ನಾನೂ ಹೋಗಿದ್ದೆ. ವೇದಿಕೆಯ ಮೇಲೆ ಮಡಿಚಿದ ಅಂಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ತೆನೆ ಮೇಲೆ ಬಂದು, ಮಡಿಕೆಯ ಜೊತೆ ಬಾಗಿ, ನಾವು ತೋರಿಸಿದ ಚಿತ್ರದ ಹಾಗೆಯೇ ಕಾಣುತ್ತಿತ್ತು. ಅಕ್ಕ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಪ್ರತಿ ಅಂಗಿ ದಾಟಿದಾಗಲೂ ಅವಳ ಕತ್ತು ಒಂದಿಷ್ಟು ಉದ್ದವಾಗುತ್ತಿತ್ತು. ಅದಾದ ಮೇಲೆ ಎಚ್.ಡಿ. ಕೋಟೆಯಿಂದಲೂ ಟೀ ಶರ್ಟು ಕೇಳಿಕೊಂಡು ಜನ ಬಂದರು. ಬಂದವರಿಗೆಲ್ಲ ಅವಳು ಮೊದಲು ಆ ಚಿತ್ರ ಕೊಡುತ್ತಿದ್ದಳು, ಆಮೇಲೆ ಖಾಲಿ ಅಂಗಿ ಬಿಡಿಸುತ್ತಿದ್ದಳು. ಈ ಕ್ರಮ ಯಾವತ್ತೂ ತಪ್ಪಲಿಲ್ಲ. ಅವರ ಮುಖ ನೋಡಲು ನನ್ನನ್ನೂ ಕರೆಯುತ್ತಿದ್ದಳು. ನಾನು ಅಷ್ಟು ಹೆಮ್ಮೆಪಟ್ಟ ದಿನಗಳು ಕಡಿಮೆ.

ಆ ಅಂಗಡಿಯ ಕಿಟಕಿ ಈಗಿಲ್ಲ. ಗೋಡೆ ಒಡೆದು ಶಟರ್ ಹಾಕಿದ್ದಾರೆ. ಹಾಗಾಗಿ ಸರಳಿನ ಕಥೆಯನ್ನೇ ನಾನು ಆಮೇಲೆ ಸೇರಿಸಿಕೊಂಡೆನೋ ಎಂಬ ಶಂಕೆ ಬಹಳ ದಿನ ಕಾಡಿತು. ಕಳೆದ ವರ್ಷ ಅಕ್ಕನ ಮನೆಯ ಅಟ್ಟದಲ್ಲಿ ಹಳೆಯ ಸಿ.ಡಿ. ಒಂದು ಸಿಕ್ಕಿತು. ಅದರಲ್ಲಿ ಮೇಜಿನ ಮೇಲೆ ತೆಗೆದ ಮೊದಲ ಫೋಟೊ ಇತ್ತು. ಬರಿಗಣ್ಣಿಗೆ ಅಂಗಿ ಬಿಟ್ಟು ಬೇರೇನೂ ಕಾಣಲಿಲ್ಲ. ಬಣ್ಣ ತೆಗೆದು ಕಾಂಟ್ರಾಸ್ಟ್ ಏರಿಸಿದೆ. ಎಡಭಾಗದಲ್ಲಿ, ಮಟ್ಟಸವಾದ ಬಟ್ಟೆಯ ಮೇಲೆ, ಸಮ ಸಮ ದೂರದಲ್ಲಿ ಸರಳುಗಳ ನೆರಳು ಮೂಡಿತು.